ತಳೇಗಾಂವದ ಅವ್ವನ ಪಾಸ್‌ಪೋರ್ಟ್: ಯಾವ ಕಚೇರಿ, ಯಾವ ಕೇಂದ್ರ? ಒಂದು ಪ್ರಕರಣ ಅಧ್ಯಯನ

ಪುಣೆ ಮತ್ತು ಪಿಂಪ್ರಿ-ಚಿಂಚವಡ ಕಡೆಯ ಕನ್ನಡಿಗರಿಗೆ ಸರ್ಕಾರಿ ಅರ್ಜಿಗಳನ್ನು ತುಂಬಲು ನಾನು ಬಿಡುವಿನ ವೇಳೆಯಲ್ಲಿ ಸಹಾಯ ಮಾಡುತ್ತೇನೆ. ಪಾಸ್‌ಪೋರ್ಟ್ ವಿಷಯಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ದಾಖಲೆಗಳ ಬಗ್ಗೆ. ಆದರೆ ಅದಕ್ಕೂ ಮೊದಲೇ ತೀರ್ಮಾನವಾಗಬೇಕಾದ ಸಂಗತಿಯೊಂದಿದೆ: ನಾವು ಇರುವ ಮನೆ ಯಾವ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಖುದ್ದಾಗಿ ಹೋಗಬೇಕಾದ ಕೇಂದ್ರ ಎಲ್ಲಿದೆ? ಇದನ್ನು ಊಹೆಯ ಮೇಲೆ ಬಿಟ್ಟರೆ ಮುಂದೆ ಏನೇನಾಗಬಹುದು ಎಂಬುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಹಳ್ಳಿ, ಕಂಪನಿ ಯಾವುದನ್ನೂ ಹೇಳಿಲ್ಲ.

ಹಿನ್ನೆಲೆ

ಧಾರವಾಡ ಜಿಲ್ಲೆಯ ಒಂದು ಹಳ್ಳಿಯ 58 ವರ್ಷದ ಹೆಣ್ಣುಮಗಳು. ಇಲ್ಲಿ ಅವರನ್ನು ಅವ್ವ ಎಂದೇ ಕರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ನೆಲೆಸಿದರು. ಮಗ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ತಳೇಗಾಂವ ದಾಭಾಡೆಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದಾನೆ. ಅವ್ವ ಅಲ್ಲಿಗೆ ಬಂದು ವರ್ಷ ದಾಟಿತ್ತು. ಹಬ್ಬಕ್ಕೋ ಹೊಲದ ಲಾವಣಿಯ ಲೆಕ್ಕಕ್ಕೋ ಊರಿಗೆ ಹೋಗುವುದು ಬಿಟ್ಟರೆ ಇರುವುದೆಲ್ಲ ತಳೇಗಾಂವದಲ್ಲೇ. ಆದರೆ ಅವರ ಕಾಗದಪತ್ರಗಳು ಊರನ್ನು ಬಿಟ್ಟಿರಲಿಲ್ಲ. ಆಧಾರ್, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಹಳ್ಳಿಯ ವಿಳಾಸವೇ ಇತ್ತು.

ವಿದೇಶದಲ್ಲಿರುವ ಮಗಳು ಬಸುರಿಯಾದಳು. ಬಾಣಂತನಕ್ಕೆ ಅವ್ವ ಹೋಗಬೇಕು, ವೀಸಾಗೂ ಸಮಯ ಬೇಕು. ಹೀಗಾಗಿ ಪಾಸ್‌ಪೋರ್ಟ್ ಆದಷ್ಟು ಬೇಗ ಕೈಗೆ ಬರಬೇಕಿತ್ತು.

ಸಮಸ್ಯೆ: ನಾಲ್ಕು ಜನ, ನಾಲ್ಕು ಊರು

ಮಗ ನನ್ನ ಹತ್ತಿರ ಬರುವ ಹೊತ್ತಿಗೆ ಸಲಹೆಗಳ ರಾಶಿಯೇ ಬಿದ್ದಿತ್ತು. ಊರಿನ ಕಾಕಾ, "ಆಧಾರ್ ಇಲ್ಲಿಂದೇ ಐತಿ, ಹುಬ್ಬಳ್ಳ್ಯಾಗ ಮಾಡಿಸ್ರಿ, ಸಲೀಸು" ಎಂದಿದ್ದರು. ಪನವೇಲಿನಲ್ಲಿರುವ ಭಾವ, "ನಿಮ್ಮ ಪಿನ್‌ಕೋಡೂ 410, ನಮ್ಮದೂ 410. ನಮಗೆ ಠಾಣೆ ಊರಿನ ಕಚೇರಿ ಆಗಿತ್ತು, ನಿಮಗೂ ಅದೇ" ಎಂದು ಖಚಿತವಾಗಿ ಹೇಳಿದ್ದರು. ಕಾರ್ಖಾನೆಯ ಗೆಳೆಯನೊಬ್ಬ ಬಾಣೇರ್‌ಗೆ ಹೋಗು ಎಂದಿದ್ದ. ಮನೆ ಮಾಲೀಕರು ಪಿಂಪ್ರಿಯ ಅಂಚೆ ಕಚೇರಿಯಲ್ಲೇ ಆಗುತ್ತದೆ ಎಂದಿದ್ದರು.

"ಸರ್, ಎಲ್ಲಾರೂ ಮಾಡಿಸಿದವರ ಅದಾರ. ಆದ್ರ ಒಬ್ಬೊಬ್ಬರು ಒಂದೊಂದು ಊರು ಹೇಳ್ತಾರ" ಎಂದ ಮಗ.

ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು, ಅಷ್ಟೇ. ಪಾಸ್‌ಪೋರ್ಟ್ ವ್ಯವಸ್ಥೆಯಲ್ಲಿ ಎರಡು ಬಗೆಯ ಜಾಗಗಳಿವೆ. ಒಂದು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ, ಆಡುಮಾತಿನಲ್ಲಿ ಆರ್‌ಪಿಒ. ಕಡತದ ಮಾಲೀಕತ್ವ ಇದರದು. ಪೊಲೀಸ್ ವರದಿ ಬರುವುದು, ಪಾಸ್‌ಪೋರ್ಟ್ ಮುದ್ರಣವಾಗಿ ಹೊರಡುವುದು ಇಲ್ಲಿಂದ. ಇನ್ನೊಂದು ಅಪಾಯಿಂಟ್‌ಮೆಂಟ್ ಪಡೆದು ನಾವು ಹೋಗುವ ಕೇಂದ್ರ. ಅದು ಪಾಸ್‌ಪೋರ್ಟ್ ಸೇವಾ ಕೇಂದ್ರವಾಗಿರಬಹುದು, ಇಲ್ಲವೇ ಅಂಚೆ ಕಚೇರಿಯೊಳಗೆ ನಡೆಯುವ ಚಿಕ್ಕ ಸೇವಾ ಕೇಂದ್ರವಾಗಿರಬಹುದು. ಬೆರಳಚ್ಚು, ಫೋಟೊ, ಮೂಲ ದಾಖಲೆಗಳ ಪರಿಶೀಲನೆ ನಡೆಯುವುದು ಇಲ್ಲಿ. ಒಂದು ಆರ್‌ಪಿಒ ಕೈಕೆಳಗೆ ಇಂಥ ಹಲವು ಕೇಂದ್ರಗಳಿರುತ್ತವೆ. ಇವೆರಡೂ ಒಂದೇ ಕಟ್ಟಡದಲ್ಲಿ ಇರಲೇಬೇಕೆಂದೇನಿಲ್ಲ. ಪುಣೆಯಲ್ಲಂತೂ ಊರಿನ ಈ ತುದಿಗೊಂದು, ಆ ತುದಿಗೊಂದು.

ಪಿನ್‌ಕೋಡ್ ಊಹೆ ಎಲ್ಲಿ ಕೈಕೊಡುತ್ತದೆ

ಭಾವನ ಮಾತನ್ನು ಮೊದಲು ಪರೀಕ್ಷಿಸಿದೆವು. ಕೇಳಲು ಅದೇ ಅತ್ಯಂತ ತರ್ಕಬದ್ಧವಾಗಿತ್ತು. ಪನವೇಲ್ 410206, ಖಾರಘರ್ 410210, ಲೋಣಾವಳಾ 410401, ಚಾಕಣ್ 410501, ತಳೇಗಾಂವ ದಾಭಾಡೆ 410506. ಮೊದಲ ಮೂರು ಅಂಕಿ ಎಲ್ಲಕ್ಕೂ ಒಂದೇ. ಆದರೆ ಆ ಅಂಕಿಗಳು ಅಂಚೆ ವಿಂಗಡಣೆಗಾಗಿ ಆದವು, ಜಿಲ್ಲೆಯ ಗಡಿಗೂ ಅವಕ್ಕೂ ಸಂಬಂಧವಿಲ್ಲ. ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಯನ್ನು ಹೇಳುವುದು ಜಿಲ್ಲೆಗಳ ಲೆಕ್ಕದಲ್ಲಿ. ಪನವೇಲ್ ಮತ್ತು ಖಾರಘರ್ ರಾಯಗಡ ಜಿಲ್ಲೆಗೆ ಸೇರಿದವು, ಹಾಗಾಗಿ ಮುಂಬೈ ಆರ್‌ಪಿಒ. ಲೋಣಾವಳಾ, ತಳೇಗಾಂವ, ಚಾಕಣ್ ಪುಣೆ ಜಿಲ್ಲೆಗೆ ಸೇರಿದವು, ಹಾಗಾಗಿ ಪುಣೆ ಆರ್‌ಪಿಒ.

ಭಾವ ಹೇಳಿದ "ಠಾಣೆ" ಕೂಡ ಹಳೆಯ ಕಾಲದ್ದು. ಆಗ ಠಾಣೆ ನಗರದಲ್ಲೇ ಪ್ರತ್ಯೇಕ ಪ್ರಾದೇಶಿಕ ಕಚೇರಿ ಇತ್ತು. ಆಮೇಲೆ ಅದನ್ನು ಮುಂಬೈ ಕಚೇರಿಯಲ್ಲಿ ವಿಲೀನಗೊಳಿಸಿದರು. ಈಗ ಆ ಭಾಗದ ಕಡತಗಳು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ವಿದೇಶ ಭವನಕ್ಕೆ ಸೇರಿದವು. ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿರುವ ಸೇವಾ ಕೇಂದ್ರ ಮಾತ್ರ ಮುಂಬೈ ಕಚೇರಿಯ ಕೇಂದ್ರವಾಗಿ ಮುಂದುವರಿಯಿತು. ಡೊಂಬಿವಲಿ, ಕಲ್ಯಾಣ ಕಡೆಯ ನಮ್ಮವರು ಇವತ್ತಿಗೂ "ಠಾಣೆ ಪಾಸ್‌ಪೋರ್ಟ್ ಆಫೀಸು" ಎನ್ನುವುದು ಈ ಕೇಂದ್ರಕ್ಕೇ. ಅಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತದೆ ನಿಜ. ಆದರೆ ಕಡತ ಎಲ್ಲೋ ನಿಂತಿದೆ ಎಂದು ವಿಚಾರಿಸಬೇಕಾದರೆ ಹೋಗಬೇಕಾದ್ದು ಬಾಂದ್ರಾಕ್ಕೆ.

ಊಹೆಯ ಬದಲು ಮಾಡಬೇಕಾದ್ದು ಸರಳ. passportindia.gov.in ತಾಣದಲ್ಲಿ ಕೇಂದ್ರ ಹುಡುಕುವ ಪುಟವಿದೆ, mPassport Seva ಆ್ಯಪ್‌ನಲ್ಲೂ ಆ ಸೌಲಭ್ಯವಿದೆ. ಅಲ್ಲಿ ಪೂರ್ತಿ ಆರಂಕಿಯ ಪಿನ್‌ಕೋಡ್ ಅಥವಾ ಜಿಲ್ಲೆಯಿಂದ ಹುಡುಕಬೇಕು. ನಾನು ಮನೆಯ ಜಿಲ್ಲೆಯನ್ನೂ ಬೇರೆಯಾಗಿ ಖಚಿತಪಡಿಸಿಕೊಳ್ಳುತ್ತೇನೆ. ನೋಂದಣಿಯಾದ ಬಾಡಿಗೆ ಕರಾರಿನಲ್ಲಿ ತಾಲ್ಲೂಕು ಮತ್ತು ಜಿಲ್ಲೆ ಸ್ಪಷ್ಟವಾಗಿ ಬರೆದಿರುತ್ತದೆ. ಮಗನ ಕರಾರಿನಲ್ಲಿ "ತಾಲ್ಲೂಕು ಮಾವಳ, ಜಿಲ್ಲೆ ಪುಣೆ" ಎಂದಿತ್ತು. ಅಲ್ಲಿಗೆ ಪನವೇಲಿನ ದಾರಿ ಮುಚ್ಚಿತು.

ನವಿ ಮುಂಬೈಯವರು ಇದೇ ಕಡೆ ಎಡವುತ್ತಾರೆ, ಆದ್ದರಿಂದ ಒಂದು ಮಾತು. ಬೇಲಾಪುರ ಠಾಣೆ ಜಿಲ್ಲೆಯಲ್ಲಿದೆ, ಪಕ್ಕದ ಖಾರಘರ್ ರಾಯಗಡ ಜಿಲ್ಲೆಯಲ್ಲಿದೆ, ಎರಡಕ್ಕೂ ಪೊಲೀಸರು ನವಿ ಮುಂಬೈ ಕಮಿಷನರೇಟಿನವರು. ಪಾಸ್‌ಪೋರ್ಟ್ ಕಚೇರಿ ಎರಡಕ್ಕೂ ಮುಂಬೈಯೇ ಆದರೂ ಅರ್ಜಿಯ ಜಿಲ್ಲೆ ಅಂಕಣದಲ್ಲಿ ಗಲಿಬಿಲಿ ಆಗುವುದು ಇಲ್ಲೇ.

ಹುಬ್ಬಳ್ಳಿಯ ಆಸೆ

ಕಾಕಾನ ಸಲಹೆಯನ್ನು ಬಿಡಿಸುವುದು ಇಷ್ಟು ಸುಲಭವಿರಲಿಲ್ಲ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ, ಅದು ಬೆಂಗಳೂರು ಆರ್‌ಪಿಒಗೆ ಸೇರಿದ್ದು. ನಾವು ನೋಡಿದ ದಿನ ಅಲ್ಲಿ ಪುಣೆಗಿಂತ ಬೇಗನೆ ದಿನಾಂಕ ಖಾಲಿ ಇತ್ತು. ಜತೆಗೆ 2018ರ ಜೂನ್ 26ರಂದು ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಒಂದು ಮುಖ್ಯ ಬದಲಾವಣೆಯನ್ನು ಪ್ರಕಟಿಸಿದ್ದರು: ವಾಸದ ವಿಳಾಸ ಯಾವ ವ್ಯಾಪ್ತಿಯಲ್ಲೇ ಇರಲಿ, ಅರ್ಜಿದಾರರು ದೇಶದ ಯಾವುದೇ ಆರ್‌ಪಿಒ ಮತ್ತು ಅದರ ಕೇಂದ್ರವನ್ನು ಆರಿಸಿಕೊಳ್ಳಬಹುದು. ಮಗ ಇದನ್ನು ಎಲ್ಲೋ ಓದಿಕೊಂಡು ಬಂದಿದ್ದ. "ಹಂಗಾದ್ರ ವ್ಯಾಪ್ತಿ ನೋಡೂದ ಬ್ಯಾಡಲ್ಲ ಸರ್?" ಎಂದು ಕೇಳಿದ.

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯ ಮೇಲೆ. ಆ ಬದಲಾವಣೆ ಅರ್ಜಿ ಎಲ್ಲಿ ಕೊಡಬಹುದು ಎಂಬುದನ್ನು ಸಡಿಲಿಸಿತು. ಪೊಲೀಸ್ ಪರಿಶೀಲನೆ ಎಲ್ಲಿ ನಡೆಯಬೇಕು ಎಂಬುದನ್ನು ಸಡಿಲಿಸಲಿಲ್ಲ. ಅರ್ಜಿಯಲ್ಲಿ ಈಗಿನ ವಾಸ ಎಂದು ಯಾವ ವಿಳಾಸ ಕೊಡುತ್ತೇವೋ ಅಲ್ಲಿಯ ಪೊಲೀಸ್ ಠಾಣೆಗೇ ಪರಿಶೀಲನೆ ಹೋಗುತ್ತದೆ. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಬರುವುದೂ ಆ ವಿಳಾಸಕ್ಕೇ.

ಹಾಗಾಗಿ ಹುಬ್ಬಳ್ಳಿ ಎಂದರೆ ನಮ್ಮ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು, ಕಾಕಾ ಹೇಳಿದಂತೆ ಹಳ್ಳಿಯ ವಿಳಾಸವನ್ನೇ ಈಗಿನ ವಾಸ ಎಂದು ಬರೆಯುವುದು. ಆಧಾರ್ ಹೊಂದುತ್ತದೆ, ಕೇಂದ್ರದಲ್ಲಿ ಯಾರೂ ತಕರಾರು ಮಾಡಲಿಕ್ಕಿಲ್ಲ. ಆದರೆ ಪೊಲೀಸರು ಹಳ್ಳಿಗೆ ಹೋದಾಗ ಮನೆಗೆ ಬೀಗ. ಅಕ್ಕಪಕ್ಕದವರು ಇದ್ದದ್ದನ್ನೇ ಹೇಳುತ್ತಾರೆ: "ಮಗನ ಕಡೆ ಪುಣೇದಾಗ ಇರ್ತಾರ್ರಿ." ಆಗ ಬರುವುದು "ಈ ವಿಳಾಸದಲ್ಲಿ ವಾಸವಿಲ್ಲ" ಎಂಬ ಪ್ರತಿಕೂಲ ವರದಿ, ಕಡತ ಅಲ್ಲಿಗೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಮಾತೆಂದರೆ ಅದು ನಿಜವಾದ ಹೇಳಿಕೆಯೇ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ತಪ್ಪು ಮಾಹಿತಿ ಕೊಡುವುದು ಶಿಕ್ಷಾರ್ಹ ಅಪರಾಧ. ಊರಿನ ಮನೆ ನಮ್ಮದೇ ಎಂಬ ಅಭಿಮಾನ ಬೇರೆ, ಈಗ ಎಲ್ಲಿ ಇದ್ದೇವೆ ಎಂಬುದು ಬೇರೆ. ಊರಿನ ವಿಳಾಸಕ್ಕೆ ಅರ್ಜಿಯಲ್ಲಿ ಶಾಶ್ವತ ವಿಳಾಸ ಎಂಬ ಅಂಕಣ ಪ್ರತ್ಯೇಕವಾಗಿಯೇ ಇದೆ.

ಎರಡನೆಯದು, ತಳೇಗಾಂವದ ವಿಳಾಸ ಕೊಟ್ಟು ಹುಬ್ಬಳ್ಳಿ ಕೇಂದ್ರದಲ್ಲಿ ಅರ್ಜಿ ಕೊಡುವುದು. ಇದು ನಿಯಮಕ್ಕೆ ಹೊಂದುತ್ತದೆ. ಊರಿಗೆ ಹೋಗಿಬರುವ ನೆಪವೂ ಆಗುತ್ತಿತ್ತು. ಆದರೆ ಕಡತ ಬೆಂಗಳೂರಿನ ಆರ್‌ಪಿಒ ಬಳಿ ಇರುತ್ತದೆ, ಪೊಲೀಸ್ ವರದಿ ಪಿಂಪ್ರಿ-ಚಿಂಚವಡದಿಂದ ಅಲ್ಲಿಗೆ ಹೋಗಬೇಕು. ಎಲ್ಲವೂ ಸುಸೂತ್ರವಾದರೆ ಯಾವ ತೊಂದರೆಯೂ ಇಲ್ಲ. ಒಂದು ಕೊಕ್ಕೆ ಬಿದ್ದರೂ ವಿವರಣೆಗೆ ಓಡಾಡಬೇಕಾದ್ದು ಹುಬ್ಬಳ್ಳಿಗೋ ಬೆಂಗಳೂರಿಗೋ.

ಕೊಕ್ಕೆ ಬೀಳುವ ಸಾಧ್ಯತೆ ಇದೆಯೇ ಎಂದು ದಾಖಲೆಗಳನ್ನು ಹರಡಿ ನೋಡಿದೆ. ಆಧಾರ್‌ನಲ್ಲಿ ಅವ್ವನ ಹೆಸರು, ಗಂಡನ ಹೆಸರು, ಮನೆತನದ ಹೆಸರು ಮೂರೂ ಇದ್ದವು. ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು ಬಿಟ್ಟುಹೋಗಿ ಎರಡೇ ಇದ್ದವು. ಉತ್ತರ ಕರ್ನಾಟಕದ ಹಿರಿಯ ಹೆಣ್ಣುಮಕ್ಕಳ ಕಾಗದಗಳಲ್ಲಿ ಇದು ತೀರಾ ಸಾಮಾನ್ಯ, ಮತ್ತು ಕೌಂಟರಿನಲ್ಲಿ ಪ್ರಶ್ನೆ ಏಳುವುದೂ ಅಷ್ಟೇ ಸಾಮಾನ್ಯ. ಇಂಥ ಕಡತಕ್ಕೆ ಮನೆಯ ಹತ್ತಿರದ ಕಚೇರಿಯೇ ಸರಿ ಎಂದು ನಾನು ಹೇಳಿದೆ. ಹುಬ್ಬಳ್ಳಿಯ ದಿನಾಂಕ ಕೈಬಿಡುವುದು ಮಗನಿಗೆ ಕಷ್ಟವೆನಿಸಿತು, ಆದರೂ ಒಪ್ಪಿದ.

ವಿಳಾಸದ ಪುರಾವೆ

ವಾಸ ತಳೇಗಾಂವದಲ್ಲಿ ಎಂದ ಮೇಲೆ ಅದಕ್ಕೆ ಪುರಾವೆ ಬೇಕು. ಬಾಡಿಗೆ ಕರಾರು, ಗ್ಯಾಸ್, ಕರೆಂಟ್ ಬಿಲ್ ಯಾವುದರಲ್ಲೂ ಅವ್ವನ ಹೆಸರಿಲ್ಲ. ಗಂಡನ ಪಾಸ್‌ಪೋರ್ಟ್ ಹೆಂಡತಿಗೆ ವಿಳಾಸದ ಪುರಾವೆಯಾಗಬಹುದು, ಮಗನದು ತಾಯಿಗೆ ಆಗುವುದಿಲ್ಲ. ಇದಕ್ಕೆ ಆಧಾರ್‌ನ ಕುಟುಂಬದ ಮುಖ್ಯಸ್ಥರ ಮೂಲಕ ವಿಳಾಸ ಬದಲಿಸುವ ಸೌಲಭ್ಯ ಕೈಹಿಡಿಯಿತು. ಮಗನ ಆಧಾರ್ ಆಗಲೇ ತಳೇಗಾಂವಕ್ಕೆ ಬದಲಾಗಿತ್ತು. ಅವ್ವನ ಕಡೆಯಿಂದ ಆನ್‌ಲೈನ್ ಕೋರಿಕೆ ಹಾಕಿ, ಸಂಬಂಧಕ್ಕೆ ಪುರಾವೆಯಾಗಿ ತಾಯಿಯ ಹೆಸರಿರುವ ಮಗನ ಪಾಸ್‌ಪೋರ್ಟ್ ಕೊಟ್ಟೆವು. ಮಗನ ಮೊಬೈಲಿಗೆ ಬಂದ ಕೋರಿಕೆಯನ್ನು ಅವನು 30 ದಿನದೊಳಗೆ ಒಪ್ಪಬೇಕಿತ್ತು, ಅವತ್ತೇ ಒಪ್ಪಿದ. ಹೊಸ ವಿಳಾಸದ ಆಧಾರ್ ಬರುವವರೆಗೆ ಪಾಸ್‌ಪೋರ್ಟ್ ಅರ್ಜಿಯನ್ನು ಸಲ್ಲಿಸಲಿಲ್ಲ. ಅವಸರವಿದ್ದರೂ ಇಷ್ಟು ಕಾಯುವುದು ಬೇಕೇಬೇಕಿತ್ತು.

ಪೊಲೀಸ್ ಠಾಣೆಯ ಅಂಕಣ

ಅರ್ಜಿಯಲ್ಲಿ ವಿಳಾಸದ ಜತೆಗೆ ಪೊಲೀಸ್ ಠಾಣೆಯ ಹೆಸರನ್ನೂ ಆರಿಸಬೇಕು. ತಳೇಗಾಂವ ಹಿಂದೆ ಪುಣೆ ಗ್ರಾಮೀಣ ಪೊಲೀಸರಿಗೆ ಸೇರಿತ್ತು. 2018ರ ಆಗಸ್ಟ್ 15ರಂದು ಪಿಂಪ್ರಿ-ಚಿಂಚವಡಕ್ಕೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಆದಾಗ ಪುಣೆ ನಗರದ ಕೆಲವು ಠಾಣೆಗಳ ಜತೆಗೆ ಚಾಕಣ್, ಆಳಂದಿ, ದೇಹೂ ರೋಡ್, ತಳೇಗಾಂವ ಠಾಣೆಗಳೂ ಅದಕ್ಕೆ ಹೋದವು. ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿ ಇದರಿಂದ ಬದಲಾಗಲಿಲ್ಲ, ಅದು ಮೊದಲಿನಂತೆ ಪುಣೆಯೇ. ಆದರೆ ಪರಿಶೀಲನೆಯ ಕಾಗದ ಯಾರ ಮೇಜಿಗೆ ಹೋಗಬೇಕು ಎಂಬುದು ಬದಲಾಯಿತು. ಇನ್ನೊಂದು ಗೊಂದಲವೆಂದರೆ ಇಲ್ಲಿ ತಳೇಗಾಂವ ದಾಭಾಡೆ ಮತ್ತು ತಳೇಗಾಂವ ಎಂಐಡಿಸಿ ಎಂದು ಎರಡು ಠಾಣೆಗಳಿವೆ.

ಮಗ ಕೆಲಸಕ್ಕೆ ಹೋಗುವುದು ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ, ಹಾಗಾಗಿ ಅದನ್ನೇ ಆರಿಸಲು ಹೊರಟಿದ್ದ. ಮನೆ ಮಾಲೀಕರು ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಸಲ್ಲಿಸಿದ ಪ್ರತಿ ಇದೆಯೇ ಎಂದು ಕೇಳಿದೆ. ಕಡತದಿಂದ ತೆಗೆದುಕೊಟ್ಟ. ಅದರ ಮೇಲೆ ಠಾಣೆಯ ಹೆಸರು ಅಚ್ಚಾಗಿತ್ತು: ತಳೇಗಾಂವ ದಾಭಾಡೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ಠಾಣೆ ಗೊತ್ತುಮಾಡಿಕೊಳ್ಳಲು ಇದಕ್ಕಿಂತ ನೇರವಾದ ಕಾಗದವಿಲ್ಲ. ಅದು ಇಲ್ಲದಿದ್ದರೆ ಹತ್ತಿರದ ಠಾಣೆಗೆ ಹೋಗಿ ಸೊಸೈಟಿಯ ಹೆಸರು ಹೇಳಿ ಕೇಳುವುದು ಉತ್ತಮ. ತಪ್ಪು ಠಾಣೆ ಆರಿಸಿದರೆ ಕಾಗದ ಒಂದು ಠಾಣೆಯಿಂದ ಹಿಂದಿರುಗಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ದಿನಗಳು ಉರುಳುತ್ತವೆ.

ಬಾಣೇರ್ ಅಲ್ಲ, ಮುಂಢವಾ

ಅರ್ಜಿಯಲ್ಲಿ ಆರ್‌ಪಿಒ ಪುಣೆ ಎಂದು ಆರಿಸಿ ಸಲ್ಲಿಸಿದ ಮೇಲೆ ಅಪಾಯಿಂಟ್‌ಮೆಂಟ್ ಪುಟದಲ್ಲಿ ಪುಣೆ ಕಚೇರಿಗೆ ಸೇರಿದ ಕೇಂದ್ರಗಳ ಪಟ್ಟಿ, ಪ್ರತಿಯೊಂದರ ಎದುರು ಸಿಗುವ ಮೊದಲ ದಿನಾಂಕ ಕಾಣಿಸಿತು. ಮನೆ ಮಾಲೀಕರು ಹೇಳಿದ ಅಂಚೆ ಕಚೇರಿ ಕೇಂದ್ರ ಎಲ್ಲಕ್ಕಿಂತ ಹತ್ತಿರ. ಆದರೆ ಅಂಚೆ ಕೇಂದ್ರಗಳು ಚಿಕ್ಕವು, ದಿನಕ್ಕೆ ತೆಗೆದುಕೊಳ್ಳುವ ಅರ್ಜಿಗಳು ಕಡಿಮೆ. ಅಲ್ಲಿಯ ದಿನಾಂಕ ಬಹಳ ಮುಂದಿತ್ತು. ಮುಂಢವಾದ ಸೇವಾ ಕೇಂದ್ರದಲ್ಲಿ ಬೇಗ ಇತ್ತು. ಮುಂಢವಾ ಆರಿಸಿ, 36 ಪುಟದ ಪುಸ್ತಕದ ಸಾಮಾನ್ಯ ಶುಲ್ಕ 1500 ರೂಪಾಯಿ ಕಟ್ಟಿದೆವು.

ಶುಲ್ಕ ಕಟ್ಟುವ ಮೊದಲು ನಿಂತು ನೋಡಬೇಕಾದ ಜಾಗ ಇದು. ಒಂದೇ ಆರ್‌ಪಿಒ ಒಳಗಿನ ದಿನಾಂಕವನ್ನು ವರ್ಷದೊಳಗೆ ಮೂರು ಸಲ ಬದಲಿಸಿಕೊಳ್ಳಬಹುದು. ಕಟ್ಟಿದ ಶುಲ್ಕ ಮಾತ್ರ ವಾಪಸು ಬರುವುದಿಲ್ಲ.

ಹಿಂದಿನ ಸಂಜೆ ಮಗ ಫೋನ್ ಮಾಡಿದ. ಮ್ಯಾಪ್‌ನಲ್ಲಿ ಪಾಸ್‌ಪೋರ್ಟ್ ಆಫೀಸ್ ಎಂದು ಹುಡುಕಿದರೆ ಬಾಣೇರ್ ತೋರಿಸುತ್ತಿದೆ, ಹೆದ್ದಾರಿಯಲ್ಲಿ ಬಂದರೆ ಸಲೀಸು, ಅಲ್ಲಿಗೇ ಬರುತ್ತೇವೆ ಎಂದ. ಬಾಣೇರ್-ಪಾಷಾಣ್ ಲಿಂಕ್ ರಸ್ತೆಯ ಪಾಸ್‌ಪೋರ್ಟ್ ಭವನ ಇರುವುದು ಊರಿನ ಪಶ್ಚಿಮಕ್ಕೆ. ಅದು ಆರ್‌ಪಿಒ. ಮುಂಢವಾ ಪೂರ್ವಕ್ಕೆ, ಕೋರೆಗಾಂವ್ ಪಾರ್ಕಿನ ಆಚೆ. ಬೆಳಗಿನ ವಾಹನ ದಟ್ಟಣೆಯಲ್ಲಿ ಒಂದು ಕಡೆಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಅಪಾಯಿಂಟ್‌ಮೆಂಟ್ ಹೊತ್ತು ಮೀರಿರುತ್ತದೆ. "ರಸೀದಿ ತೆಗೆದು ಕೇಂದ್ರದ ವಿಳಾಸ ಓದಿ ಹೇಳಪ್ಪಾ" ಎಂದೆ. ಓದುತ್ತ ಓದುತ್ತ ಅವನಿಗೇ ಗೊತ್ತಾಯಿತು. ಮರುದಿನ ಲೋಣಾವಳಾ-ಪುಣೆ ಲೋಕಲ್‌ನಲ್ಲಿ ಪುಣೆ ಸ್ಟೇಷನ್‌ಗೆ ಬಂದು ಅಲ್ಲಿಂದ ರಿಕ್ಷಾ ಹಿಡಿದರು.

ಏನಾಯಿತು

ಕೇಂದ್ರದಲ್ಲಿ ಟೋಕನ್ ಪಡೆದು ಎ, ಬಿ, ಸಿ ಎಂದು ಮೂರು ಹಂತದ ಕೌಂಟರುಗಳನ್ನು ದಾಟಬೇಕು. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ದಾಖಲೆಗಳ ಸ್ಕ್ಯಾನ್. ಬಿಯಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಸಿಯಲ್ಲಿ ಮಂಜೂರು ಮಾಡುವ ಅಧಿಕಾರಿ. ವಿಳಾಸದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಹೊಸ ಆಧಾರ್ ತನ್ನ ಕೆಲಸ ಮಾಡಿತ್ತು. ಪ್ರಶ್ನೆ ಬಂದದ್ದು ನಾವು ಎಣಿಸಿದ ಕಡೆಯಿಂದಲೇ, ಹೆಸರಿನ ಬಗ್ಗೆ. ಪೂರ್ತಿ ಹೆಸರಿರುವ ಇನ್ನೊಂದು ದಾಖಲೆ ತನ್ನಿ ಎಂದು ಹೇಳಿ ಕಡತವನ್ನು ತಡೆಹಿಡಿದರು. ಎಲ್ಲಿಗೆ ಬರಬೇಕು ಎಂಬುದು ಕೊಟ್ಟ ಚೀಟಿಯಲ್ಲೇ ಇತ್ತು: ಅದೇ ಮುಂಢವಾ ಕೇಂದ್ರ.

ಮತದಾರರ ಚೀಟಿಯಲ್ಲಿ ಪೂರ್ತಿ ಹೆಸರಿತ್ತು, ಆದರೆ ಅದು ಊರಿನ ಟ್ರಂಕಿನಲ್ಲಿತ್ತು. ಕಾಕಾ ಅದನ್ನು ಹುಡುಕಿ ಪುಣೆಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದರು. ಮಗ ಅರ್ಧ ದಿನದ ರಜೆ ಹಾಕಿ ಅವ್ವನನ್ನು ಮತ್ತೆ ಕರೆದುಕೊಂಡು ಹೋದ, ಕಡತ ಮುಂದೆ ಸಾಗಿತು. ಹುಬ್ಬಳ್ಳಿ ಆರಿಸಿದ್ದರೆ ಇದೇ ಕೆಲಸಕ್ಕೆ ರಾತ್ರಿ ಬಸ್ಸು, ಎರಡು ದಿನದ ರಜೆ ಬೇಕಾಗುತ್ತಿತ್ತು.

ಪೊಲೀಸ್ ಪರಿಶೀಲನೆಗೆ ತಳೇಗಾಂವ ದಾಭಾಡೆ ಠಾಣೆಯಿಂದ ಕರೆ ಬಂತು. ಸೊಸೈಟಿಯ ಇಬ್ಬರು ನೆರೆಯವರು ಅವ್ವ ಅಲ್ಲೇ ಇರುತ್ತಾರೆಂದು ಹೇಳಿದರು. ಅವ್ವನಿಗೆ ಮರಾಠಿ ಪೂರ್ತಿ ಬರುವುದಿಲ್ಲ, ಆದರೂ ಪೇದೆ ಕೇಳಿದ್ದಕ್ಕೆ ತಮಗೆ ಬಂದಷ್ಟರಲ್ಲಿ ಉತ್ತರಿಸಿದರು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಬಂದ ದಿನ ಅವ್ವ ಮನೆಯಲ್ಲೇ ಇದ್ದರು, ತಾವೇ ಸಹಿ ಹಾಕಿ ತೆಗೆದುಕೊಂಡರು. ವೀಸಾಗೆ ಸಮಯ ಸಾಕಷ್ಟು ಉಳಿದಿತ್ತು.

ಈ ಪ್ರಕರಣದಿಂದ ನನ್ನ ಕ್ರಮದಲ್ಲಿ ಏನು ಬದಲಾಯಿತು

ಈಗ ಯಾರೇ ಬಂದರೂ ನಾನು ಮೊದಲು ವಾಸ ಎಲ್ಲಿ ಎಂಬುದನ್ನು ಗಟ್ಟಿ ಮಾಡಿಕೊಳ್ಳುತ್ತೇನೆ. ಅದರಿಂದ ಜಿಲ್ಲೆ, ಜಿಲ್ಲೆಯಿಂದ ಆರ್‌ಪಿಒ, ಆಮೇಲೆ ಪೊಲೀಸ್ ಠಾಣೆ, ಕೊನೆಗೆ ಕೇಂದ್ರ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಬೇಗ ದಿನಾಂಕ ಸಿಗುವ ಕೇಂದ್ರದಿಂದ ಶುರು ಮಾಡುತ್ತಾರೆ, ಆಮೇಲೆ ವಿಳಾಸವನ್ನು ಅದಕ್ಕೆ ಹೊಂದಿಸಲು ನೋಡುತ್ತಾರೆ. ಹಳ್ಳಿಯ ವಿಳಾಸ ಬರೆಯುವ ಆಸೆ ಹುಟ್ಟುವುದೇ ಅಲ್ಲಿ.

ಬೇರೆ ವ್ಯಾಪ್ತಿಯ ಕೇಂದ್ರ ಯಾರಿಗೂ ಬೇಡ ಎಂದು ನಾನು ಹೇಳುವುದಿಲ್ಲ. ಹೆಸರು, ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಇದ್ದು, ಕೆಲಸದ ಮೇಲೆ ತಿಂಗಳುಗಟ್ಟಲೆ ಬೇರೆ ಊರಿನಲ್ಲಿದ್ದವರಿಗೆ 2018ರ ಸೌಲಭ್ಯ ನಿಜಕ್ಕೂ ಉಪಯೋಗವಾಗಿದೆ. ಆದರೂ ಪೊಲೀಸರು ಕರೆದಾಗ ಅರ್ಜಿಯಲ್ಲಿ ಬರೆದ ಮನೆಯಲ್ಲಿ ಸಿಗುವಂತಿರಬೇಕು. ಹೆಸರಿನಲ್ಲಿ ಅವ್ವನಂಥ ತೊಡಕು ಇರುವವರಿಗೆ ಮಾತ್ರ ಸ್ವಂತ ವ್ಯಾಪ್ತಿಯ ಕಚೇರಿಯನ್ನೇ ಒತ್ತಿ ಹೇಳುತ್ತೇನೆ.

ಮಗ ಈಗ ಕೆಲಸ ಬದಲಿಸಿ ಹಿಂಜವಡಿ ಕಡೆ ಮನೆ ನೋಡುತ್ತಿದ್ದಾನೆ. ಪಾಸ್‌ಪೋರ್ಟ್ ಕಚೇರಿ ಬದಲಾಗುತ್ತದೆಯೇ ಎಂದು ಕೇಳಿದ. ಹಿಂಜವಡಿ ಮುಳಶಿ ತಾಲ್ಲೂಕಿನಲ್ಲಿದ್ದರೂ ಜಿಲ್ಲೆ ಪುಣೆಯೇ, ಆರ್‌ಪಿಒ ಅದೇ, ಕೇಂದ್ರಗಳೂ ಅವೇ. ಠಾಣೆ ಮಾತ್ರ ಹಿಂಜವಡಿ, ಅದೂ ಪಿಂಪ್ರಿ-ಚಿಂಚವಡ ಕಮಿಷನರೇಟಿನದೇ. ಪಾಸ್‌ಪೋರ್ಟಿನಲ್ಲಿ ವಿಳಾಸ ಬದಲಾಗಬೇಕೆಂದರೆ ಮರುವಿತರಣೆಗೆ ಅರ್ಜಿ ಹಾಕಬೇಕು, ಪೊಲೀಸ್ ಪರಿಶೀಲನೆ ಹೊಸ ಮನೆಯ ಠಾಣೆಯಿಂದ ನಡೆಯುತ್ತದೆ. ಮನೆ ಗೊತ್ತಾದ ಮೇಲೆ ಬಾಡಿಗೆದಾರರ ಮಾಹಿತಿಯ ಪ್ರತಿಯನ್ನು ಮಾಲೀಕರಿಂದ ಮರೆಯದೆ ಕೇಳಿ ಇಟ್ಟುಕೋ ಎಂದು ಅವನಿಗೆ ಹೇಳಿದ್ದೇನೆ.